ಬಾಗಿಲ ಕಡೆಯ ಕನ್ನಡಿ

ನನ್ನ ಕೆಲಸ ಏನು ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಸಿನಿಮಾ ತೆಗೆಯೋ ಮುಂಚೆ ಅದನ್ನ ಕಾಗದದ ಮೇಲೆ ತೆಗೆಯೋಳು ನಾನು. ಒಂದು ಹಾಳೆಗೆ ಆರು ಚೌಕ. ಒಂದೊಂದು ಚೌಕವೂ ಪರದೆ ಮೇಲೆ ಕಾಣೋ ಒಂದು ಶಾಟ್. ಚೌಕದ ಕೆಳಗೆ ಮೂರು ಗೆರೆ ಬರವಣಿಗೆ: ಕ್ಯಾಮೆರಾ ಎಷ್ಟು ಹತ್ತಿರ, ಏನು ನಡೆಯುತ್ತೆ, ಎಷ್ಟು ಸೆಕೆಂಡು. ಇದಕ್ಕೆ ಸ್ಟೋರಿಬೋರ್ಡ್ ಅಂತಾರೆ. "ಓಹೋ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀರಾ?" ಅಂದವರ ತಲೆ ಮೇಲೆ ಪೆನ್ಸಿಲ್ ಡಬ್ಬಿ ಕುಕ್ಕಬೇಕು ಅನ್ಸುತ್ತೆ. ಕುಕ್ಕಿಲ್ಲ, ಇನ್ನೂ.

ಈ ಸಲ ಕೆಲಸ ಕೊಟ್ಟ ಡೈರೆಕ್ಟರು ಮೂಕಿ ಚಿತ್ರ ಮಾಡ್ತೀನಿ ಅಂತ ಹೊರಟಿರೋ ಮನುಷ್ಯ. ಆದ್ರೆ ಆತನ ಬಾಯಿ ಮಾತ್ರ ಒಂದು ಕ್ಷಣ ಮುಚ್ಚಿದ್ದನ್ನ ನಾನು ಕಂಡಿಲ್ಲ. ಎರಡೇ ನಿಮಿಷದ ಚಿತ್ರ, ಒಂದು ಬಸ್ ಪ್ರಯಾಣ. ಮಾತಿಲ್ಲ, ಸದ್ದಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಒಬ್ಬಳು ಮುದುಕಿ ಕೊಡೆ ಹಿಡ್ಕೊಂಡು ಬಸ್ ಹತ್ತುತ್ತಾಳೆ, ಇಳಿಯುವಾಗ ಕೊಡೆ ಮರೀತಾಳೆ, ಡ್ರೈವರ್ ಕನ್ನಡಿಯಲ್ಲಿ ಅವಳನ್ನ ನೋಡಿ ಬಸ್ ನಿಲ್ಲಿಸ್ತಾನೆ, ಕೊಡೆ ಕೈಸೇರುತ್ತೆ. ಅಷ್ಟೇ. ಸಂಜೆ ಐದಕ್ಕೆ ಬಂದು ಬೋರ್ಡ್ ತಗೊಂಡು ಹೋಗ್ತೀನಿ ಅಂದಿದ್ರು.

ಇಪ್ಪತ್ನಾಲ್ಕು ಚೌಕ, ನೂರಿಪ್ಪತ್ತು ಸೆಕೆಂಡು. ಹದಿನೇಳರ ತನಕ ಸಲೀಸಾಗಿ ಹೋಯ್ತು.

ಒಂದನೇ ಚೌಕ: ದೂರದಿಂದ ಬಸ್ ಸ್ಟಾಪು. ಎಡಗಡೆಯಿಂದ ಬಸ್ ಬರುತ್ತೆ. ಐದು ಸೆಕೆಂಡು. ಚೌಕದೊಳಗೆ ಬಾಣ ಹಾಕಿದ್ರೆ ಬಸ್ಸು ಚಲಿಸುತ್ತೆ ಅಂತ, ಚೌಕದ ಹೊರಗೆ ಹಾಕಿದ್ರೆ ಕ್ಯಾಮೆರಾ ಚಲಿಸುತ್ತೆ ಅಂತ. ಇಲ್ಲಿ ಎಡದಿಂದ ಬಲಕ್ಕೆ ಹೊರಟ ಬಸ್ಸು ಕೊನೇ ಚೌಕದ ತನಕ ಎಡದಿಂದ ಬಲಕ್ಕೇ ಹೋಗಬೇಕು. ನಡುವೆ ಕ್ಯಾಮೆರಾ ರಸ್ತೆಯ ಆಚೆ ಬದಿಗೆ ಹಾರಿತೋ, ನೋಡೋರಿಗೆ ಬಸ್ಸು ವಾಪಸ್ ಹೊರಟಂಗೆ ಕಾಣುತ್ತೆ. ಎರಡನೇದು: ಮುದುಕಿಯ ಕಾಲು, ಹಿಂದಿನ ಬಾಗಿಲ ಮೆಟ್ಟಿಲು. ಮೂರನೇದು: ಕಂಡಕ್ಟರ್ ಕೈ ಚಾಚ್ತಾನೆ. ನಾಲ್ಕನೇದು: ಮುಂದಿನ ಸೀಟಿನ ಕಂಬಿಗೆ ಕೊಡೆ ನೇತು ಹಾಕ್ತಾಳೆ. ಇದಕ್ಕೆ ಪೂರ್ತಿ ಆರು ಸೆಕೆಂಡು, ಯಾಕಂದ್ರೆ ಆಮೇಲೆ ಅದೇ ಕೊಡೆ ಒಂಟಿಯಾಗಿ ತೂಗಾಡೋದು ನೋಡಿದಾಗ ಜನರಿಗೆ "ಅಯ್ಯೋ" ಅನ್ನಿಸಬೇಕು.

ಹನ್ನೊಂದರಲ್ಲಿ ಗಂಟೆ ಬಂತು. ಮೂಕಿ ಚಿತ್ರದಲ್ಲಿ ಗಂಟೆ ಕೇಳೋದು ಹೆಂಗೆ? ಕಣ್ಣಿಗೇ ಕೇಳಿಸಬೇಕು. ಹಗ್ಗ ಜಗ್ಗೋ ಕೈ ಒಂದು ಚೌಕ, ಡ್ರೈವರ್ ತಲೆ ಮೇಲಿನ ಪುಟ್ಟ ಗಂಟೆಗೆ ನಾಲಿಗೆ ಬಡಿಯೋದು ಇನ್ನೊಂದು. ಒಂದು ಸಲ ಎಳೆದ್ರೆ ನಿಲ್ಲು, ಎರಡು ಸಲ ಎಳೆದ್ರೆ ಹೊರಡು. ಹಾಗಾಗಿ ಹನ್ನೊಂದರಲ್ಲಿ ಹಗ್ಗದ ಪಕ್ಕ ಒಂದು ಬಾಣ, ಹದಿನಾರರಲ್ಲಿ ಎರಡು. ಇದೆಲ್ಲ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಬಸ್ಸಿನವರ ಮನೇಲಿ ಹುಟ್ಟಿದೋಳು. ಅಪ್ಪ ಮೂವತ್ತೆರಡು ವರ್ಷ ಡ್ರೈವರ್. ಅಮ್ಮನ ತಮ್ಮ, ಅಂದ್ರೆ ನನ್ನ ಸೋದರಮಾವ, ಅದೇ ಬಸ್ಸಿನಲ್ಲಿ ನಾಲ್ಕು ವರ್ಷ ಕಂಡಕ್ಟರ್.

ಮಾವನ ಮಾತು ನಮ್ಮನೇಲಿ ಯಾರೂ ಆಡಲ್ಲ. ಆದ್ರೆ ಇಲ್ಲಿ ಆಡ್ಲೇಬೇಕು.

ನನ್ನ ಕೈಗೆ ಮೊದಲು ಪೆನ್ಸಿಲ್ ಕೊಟ್ಟಿದ್ದೇ ಆತ. ಟಿಕೆಟ್ ಹರಿದು ಮುಗಿದ ಮೇಲೆ ಉಳಿಯೋ ದಪ್ಪ ಬುಡಗಳ ಕಟ್ಟು ತಂದುಕೊಡ್ತಿದ್ದ. ಒಂದೊಂದು ಬುಡದ ಮೇಲೂ ಒಂದೊಂದು ಬಸ್ ಬರೆದು, ಹೆಬ್ಬೆರಳಲ್ಲಿ ಸರಸರ ಅಂತ ಬಿಟ್ರೆ ಬಸ್ಸು ಓಡೋದು. "ನೋಡೇ ಪುಟ್ಟಿ, ನಿನ್ನ ಬಸ್ಸಿಗೆ ಡೀಸೆಲ್ಲೇ ಬೇಡ" ಅಂತಿದ್ದ. ನನಗೆ ಹತ್ತು ವರ್ಷ ಆದಾಗ ಆ ಬಸ್ಸಿನಡಿಗೆ ಒಬ್ಬ ಮುದುಕ ಬಿದ್ದ. ಹಿಂದಿನ ಬಾಗಿಲಿಂದ ಇಳೀತಿದ್ದ, ಇಳಿದು ಮುಗಿಯೋ ಮುಂಚೆ ಬಸ್ಸು ಹೊರಟಿತು, ಚಕ್ರ ಪಾದದ ಮೇಲೆ ಹತ್ತಿತು. ಮುದುಕ ಉಳಿದ, ಪಾದ ಉಳೀಲಿಲ್ಲ.

ಡಿಪೋದಲ್ಲಿ ವಿಚಾರಣೆ ಆಯ್ತು. ಅಪ್ಪ ಹೇಳಿದ್ದು: "ಎರಡು ಗಂಟೆ ಕೇಳಿಸ್ತು, ಹೊರಟೆ." ಮನೆಗೆ ಬಂದು ನಮಗೆ ಇನ್ನೊಂದು ಸೇರಿಸಿದ್ರು: "ಡ್ರೈವರ್ ಸೀಟಿಂದ ಹಿಂದಿನ ಮೆಟ್ಟಿಲು ಕಾಣಲ್ಲ." ಮಾವ ಹೇಳಿದ್ದು: "ನಾನು ಎಳೆದದ್ದು ಒಂದೇ. ಎರಡನೇ ಸಲ ಎಳೆದೇ ಇಲ್ಲ." ಅಪ್ಪ ಹಿರಿಯ ಡ್ರೈವರ್, ಒಂದು ಕಪ್ಪು ಚುಕ್ಕೆ ಇಲ್ಲದವರು. ಮಾವ ಇಪ್ಪತ್ತಾರರ ಹುಡುಗ. ಕೆಲಸ ಹೋಯ್ತು, "ಮುದುಕನ ಕಾಲು ತಿಂದೋನು" ಅನ್ನೋ ಹೆಸರು ಬಂತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಅಮ್ಮ. ಬಾಗಿಲಲ್ಲಿ ನಿಂತು ಹೇಳಿದ್ಲು: "ನನ್ನ ಗಂಡ ಸುಳ್ಳು ಹೇಳೋರಲ್ಲ. ಎರಡು ಎಳೆದೆ ಅಂತ ಒಪ್ಕೊಂಡ ದಿನ ಈ ಹೊಸ್ತಿಲು ತುಳಿ. ಅಲ್ಲೀತನಕ ನನಗೆ ತಮ್ಮ ಇಲ್ಲ." ನಾನೇನು ಕಮ್ಮಿ? ಅದಾದ ವಾರಕ್ಕೆ ಮಾವ ಸ್ಕೂಲಿನ ಗೇಟಿನ ಹತ್ರ ಕೊನೇ ಟಿಕೆಟ್ ಕಟ್ಟು ಹಿಡ್ಕೊಂಡು ಬಂದಾಗ, "ನೀನು ಸುಳ್ಳ. ಅಪ್ಪಂಗೆ ಮೆಟ್ಟಿಲು ಕಾಣಲ್ಲ" ಅಂತ ಮುಖಕ್ಕೆ ಹೊಡೆದಂಗೆ ಹೇಳಿ ಓಡಿದ್ದೆ.

ಮೂವತ್ತು ವರ್ಷ. ಆತನ ಸೈಕಲ್ ರಿಪೇರಿ ಅಂಗಡಿ ನಮ್ಮನೆಯಿಂದ ಮೂರು ಸ್ಟಾಪ್ ಆಚೆ. ಬಸ್ಸು ಆ ಅಂಗಡಿ ದಾಟುವಾಗ ಅಮ್ಮ ಈಗಲೂ ಮುಖ ಬೇರೆ ಕಡೆ ತಿರುಗಿಸ್ತಾಳೆ. ಆಮೇಲೆ ಮನೆಗೆ ಬಂದು, ಯಾರೂ ಇಲ್ಲದಾಗ, ತಮ್ಮನ ಹಳೇ ಫೋಟೋ ಒರೆಸಿ ಮತ್ತೆ ಬೀರುವಿನಲ್ಲಿ ಇಡ್ತಾಳೆ. ನಾನು ನೋಡಿದೀನಿ. ಒಂದೇ ಒಂದು ಸಲ ಆ ಮನುಷ್ಯ "ಹೌದಕ್ಕ, ತಪ್ಪಾಯ್ತು" ಅಂದುಬಿಟ್ಟಿದ್ರೆ ಎಲ್ಲ ಸರಿಹೋಗ್ತಿತ್ತಲ್ಲ, ಯಾಕೀ ಹಟ ಅಂತ ನನಗೂ ಮೈ ಉರೀತಿತ್ತು.

ಸರಿ, ಹದಿನೆಂಟನೇ ಚೌಕ. ಹದಿನೇಳರಲ್ಲಿ ಡ್ರೈವರ್ ಮುಖ, ಹತ್ತಿರದಿಂದ. ಕಣ್ಣು ಬಾಗಿಲ ಕಡೆಯ ಕನ್ನಡಿಗೆ ಹೊರಳುತ್ತೆ. ಹದಿನೆಂಟರಲ್ಲಿ ಆತನಿಗೆ ಕಂಡದ್ದನ್ನ ನಾವೂ ಕಾಣಬೇಕು. ಒಂದರ ಹಿಂದೆ ಒಂದು ಇಟ್ರೆ ನೋಡೋರು ತಾವೇ ಜೋಡಿಸ್ಕೋತಾರೆ. ಕಣ್ಣು ಹೊರಳಿತು, ಹಾಗಾದ್ರೆ ಇದು ಅವನು ಕಂಡದ್ದು ಅಂತ. ಡೈರೆಕ್ಟರ್ ಕಥೆಯಲ್ಲಿ ಕನ್ನಡಿ ತುಂಬ ಮುದುಕಿ, ಕೊಡೆ ನೆನಪಾಗಿ ತಿರುಗಿ ಬಂದು ಹಿಂದಿನ ಮೆಟ್ಟಿಲ ಕಂಬಿ ಹಿಡಿದು ಕೈ ಎತ್ತಿರ್ತಾಳೆ.

ನಾನು ಫೋನ್ ಮಾಡಿ ಝಾಡಿಸಿದೆ. "ಸಾರ್, ಇದು ಆಗದ ಮಾತು. ಡ್ರೈವರ್ ಸೀಟಿಂದ ಹಿಂದಿನ ಮೆಟ್ಟಿಲು ಕಾಣಲ್ಲ. ನಮ್ಮನೇಲಿ ಕೂಸಿಗೂ ಗೊತ್ತು. ಬಸ್ಸು ಓಡಿಸಿದೋರು ಯಾರಾದ್ರೂ ಚಿತ್ರ ನೋಡಿದ್ರೆ ಬಿದ್ದು ಬಿದ್ದು ನಗ್ತಾರೆ."

"ಕಾಣದಿದ್ರೆ ನನ್ನ ಕಥೆಯೇ ಇಲ್ವಲ್ಲಮ್ಮಾ!" ಅಂತ ಆತ ಶುರು ಮಾಡಿದವರು ಹತ್ತು ನಿಮಿಷ ನಿಲ್ಲಿಸ್ಲಿಲ್ಲ. ಕೊನೆಗೆ, "ನಿಮ್ಮಪ್ಪ ಡ್ರೈವರ್ ಅಲ್ವಾ, ಅವರನ್ನೇ ಒಂದು ಮಾತು ಕೇಳಿ" ಅಂದ್ರು.

ಕೇಳೋದೇನು, ನನಗೆ ಗೊತ್ತಿರೋದೇ ಅಂದುಕೊಂಡು, ಕನ್ನಡಿಯಲ್ಲಿ ಬರೀ ಬಸ್ಸಿನ ಮೈ, ಖಾಲಿ ರಸ್ತೆ ಬರೆದೆ. ಹತ್ತೊಂಬತ್ತರಲ್ಲಿ ಕಂಡಕ್ಟರೇ ಓಡಿ ಹೋಗಿ ಕೊಡೆ ಕೊಡೋ ಹಂಗೆ ತಿರುಗಿಸಿದೆ. ಊಟ ಮುಗಿಸಿ ಬಂದ ಅಪ್ಪ ಹಿಂದಿನಿಂದ ಬಗ್ಗಿ ನೋಡಿದ್ರು. ಅಪ್ಪನಿಗೆ ಈಗ ಎಪ್ಪತ್ನಾಲ್ಕು. ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಹದ್ದಿನದು.

"ಇದೇನು, ಬಸ್ಸಿನ ಕನ್ನಡಿನಾ, ಗೋಡೆಗೆ ಹಾಕೋ ಕ್ಯಾಲೆಂಡರ್‌ನಾ?" ಅಂತ ನಕ್ಕರು. "ಕನ್ನಡಿ ಹಿಂಗೆ ಇಟ್ಟ ಡ್ರೈವರನ್ನ ಡಿಪೋ ಗೇಟು ದಾಟಿಸಲ್ಲ."

ಕೆಲಸದ ವಿಷಯಕ್ಕೆ ಬಂದ್ರೆ ಅಪ್ಪನಿಗೆ ಊಟ, ನಿದ್ದೆ ಬೇಡ. ನನಗೂ ಅದೇ ಜಾಯಮಾನ ಬಂದಿರೋದು. "ಹಾಗಾದ್ರೆ ತೋರಿಸಿ" ಅಂದೆ, ಸೊಕ್ಕಿನಿಂದ.

ತೋರಿಸೋಕೆ ಎದ್ದೇ ಬಿಟ್ರು. ನಡುಮನೇಲಿ ಊಟದ ಕುರ್ಚಿ, ಅದೇ ಡ್ರೈವರ್ ಸೀಟು. ಕೈಯಲ್ಲಿ ದೊಡ್ಡ ತಟ್ಟೆ, ಅದೇ ಸ್ಟೀರಿಂಗು. ಬಚ್ಚಲಿನ ಕನ್ನಡಿ ಬಿಚ್ಚಿ ತಂದು ನನ್ನ ಕೈಗೆ ಕೊಟ್ಟು, ಮುಂದೆ ಎಡಕ್ಕಿಟ್ಟ ಸ್ಟೂಲಿನ ಮೇಲೆ ಹಿಡ್ಕೋ ಅಂದ್ರು. ಹಿಂದೆ ಎಡಕ್ಕೆ ಅಡುಗೆಮನೆ ಬಾಗಿಲು ಇದೆ, ಅದೇ ಹಿಂದಿನ ಬಾಗಿಲು ಅಂತ ಆಯ್ತು.

"ಏ ಇವಳೇ, ಬಾ ಇಲ್ಲಿ. ಕೊಡೆ ತಗೋ. ನೀನೇ ಮುದುಕಿ" ಅಂತ ಅಮ್ಮನನ್ನ ಕರೆದ್ರು.

"ಹೌದೌದು, ನೀವು ಮಾತ್ರ ಹದಿನಾರರ ಹರೆಯದೋರು" ಅಂತ ಗೊಣಗುತ್ತಾ ಅಮ್ಮ ಕೈ ಒರೆಸ್ಕೊಂಡು ಬಂದಳು. ಬೈದ್ರೂ ಅವಳಿಗೆ ಒಳಗೊಳಗೇ ಖುಷಿ. ಒಂದು ಕಾಲು ಅಡುಗೆಮನೆ ಹೊಸ್ತಿಲ ಮೇಲೆ, ಇನ್ನೊಂದು ಕೆಳಗೆ, ಕೈಯಲ್ಲಿ ಕೊಡೆ. ಕತ್ತು ಸ್ವಲ್ಪ ಓರೆ ಮಾಡಿ ನಟಿ ಥರ ನಿಂತಳು. ನನಗೆ ನಗು ತಡೆಯೋಕೆ ಆಗಲಿಲ್ಲ.

"ನಗಬೇಡ, ಕನ್ನಡಿ ಅಲ್ಲಾಡುತ್ತೆ. ಸ್ವಲ್ಪ ಒಳಗೆ ತಿರುಗಿಸು. ಈಗ ಕೆಳಗೆ ಬಗ್ಗಿಸು. ಇನ್ನೂ ಒಂಚೂರು. ಹಾಂ, ನಿಲ್ಲಿಸು! ಈಗ ನಿನ್ನ ಫೋನಲ್ಲಿ ಫೋಟೋ ತೆಗೆಯೋ ಹಂಗೆ ನನ್ನ ಭುಜದ ಮೇಲಿಂದ ನೋಡು."

ಕನ್ನಡಿಯನ್ನ ಸ್ಟೂಲಿನ ಮೇಲೆ ಪುಸ್ತಕ ಒತ್ತಿ ನಿಲ್ಲಿಸಿ, ಅಪ್ಪನ ಭುಜದ ಹಿಂದೆ ಬಂದು ಬಗ್ಗಿ ನೋಡಿದೆ. ಅಮ್ಮ ಪೂರ್ತಿ ಕಾಣ್ತಿದ್ಲು. ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗುತ್ತೆ ಅಂತ ಮರೆಯದೆ ಗುರುತು ಹಾಕ್ಕೊಂಡೆ.

ಅಪ್ಪ ಪಾಠ ಶುರು ಮಾಡಿದ್ರು. "ಕನ್ನಡಿಯ ಒಳ ಅಂಚಿಗೆ ಬಸ್ಸಿನ ಮೈ ಎರಡು ಬೆರಳಷ್ಟು ಕಾಣಬೇಕು. ಕೆಳಗಡೆ ಹಿಂದಿನ ಚಕ್ರದ ತಲೆ. ಚಕ್ರಕ್ಕೆ ಸ್ವಲ್ಪ ಮುಂದೆ ಬಾಗಿಲು, ಬಾಗಿಲ ಕೆಳಗೆ ಮೆಟ್ಟಿಲು. ಮೆಟ್ಟಿಲ ಮೇಲೆ ಕಾಲಿದ್ರೆ ಕಾಲಿನ ಬೆರಳು ಎಣಿಸಬಹುದು, ಗೊತ್ತಾ? ಬೆಳಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ನಾನೇ ಕೂತು, ಕೈಯಾರೆ ತಿರುಗಿಸಿ ಇಟ್ಕೋತಿದ್ದೆ. ಬೇರೆಯವರು ಮುಟ್ಟಿದ್ರೆ ಸುಮ್ಮನೆ ಬಿಡ್ತಿರಲಿಲ್ಲ. ಗಂಟೆ ಸಾವಿರ ಬಾರಿಸ್ಲಿ, ಮೆಟ್ಟಿಲು ಖಾಲಿ ಅಂತ ಕನ್ನಡಿಯಲ್ಲಿ ನೋಡದೆ ಕ್ಲಚ್ಚಿಂದ ಕಾಲು ತೆಗೀಬಾರದು. ಇದು ಮೊದಲನೇ ಪಾಠ. ಕನ್ನಡಿಯಲ್ಲಿ ಮೆಟ್ಟಿಲು ಕಾಣಲ್ಲ ಅಂತ ನಿನಗೆ ಯಾವ ಮುಠ್ಠಾಳ ಹೇಳಿದ?"

ನಾನು ಕನ್ನಡಿಯನ್ನೇ ನೋಡಿದೆ.

ಕನ್ನಡಿಯೊಳಗೆ ಅಮ್ಮನ ಕೊಡೆ ನಿಧಾನಕ್ಕೆ ಕೆಳಗಿಳೀತು. ಅವಳ ಒಂದು ಕಾಲು ಇನ್ನೂ ಹೊಸ್ತಿಲ ಮೇಲೇ ಇತ್ತು.

"ರೀ," ಅಂದಳು. "ಏನಂದ್ರಿ?"

ಅಪ್ಪನ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲೇ ಅಮ್ಮನನ್ನ ನೋಡಿದ್ರು. ಅಮ್ಮನೂ ಕನ್ನಡಿಯಲ್ಲೇ ಅವರನ್ನ ನೋಡಿದ್ಲು. ಅಮ್ಮನ ಮುಖದಿಂದ ಬಣ್ಣ ಇಳಿದಿದ್ದನ್ನ ನಾನು ಕಣ್ಣಾರೆ ಕಂಡೆ. ದೇವರೇ, ಸುಮ್ಮನೆ ಡೈರೆಕ್ಟರ್ ಹೇಳಿದಂಗೆ ಬರೆದು ಕೊಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು?

"ಮೆಟ್ಟಿಲು ಕಾಣಿಸುತ್ತಾ?" ಅಮ್ಮ ಕೇಳಿದ್ಲು. ಕೂಗಲಿಲ್ಲ. ಕೂಗಿದ್ರೆ ಚೆನ್ನಾಗಿರ್ತಿತ್ತು. "ಕಾಲಿನ ಬೆರಳು ಎಣಿಸಬಹುದಾ?"

"ಅದು… ಬೇರೆ ಬಸ್ಸು… ಆ ಬಸ್ಸಿನ ಕನ್ನಡಿ…" ಅಪ್ಪ ತಡವರಿಸಿದ್ರು.

"ಬೆಳಗ್ಗೆ ನೀವೇ ಕೈಯಾರೆ ಇಟ್ಕೋತಿದ್ರಿ. ಈಗ ತಾನೇ ನಿಮ್ಮ ಬಾಯಲ್ಲೇ ಬಂತು."

ಅಪ್ಪ ತಟ್ಟೆಯನ್ನ ತೊಡೆ ಮೇಲೆ ಇಟ್ಕೊಂಡ್ರು.

ಅಮ್ಮ ಕೊಡೆ ಗೋಡೆಗೆ ಒರಗಿಸಿ ಬಂದು ನನ್ನ ಮೇಜಿನ ಮುಂದೆ ಕೂತಳು. ಹೊಸ ಹಾಳೆ ತೆಗೆದು ನನ್ನ ಮುಂದೆ ತಳ್ಳಿದ್ಲು. "ಬರಿ," ಅಂದಳು. "ಅವತ್ತಿಂದು. ನೀನು ಇಷ್ಟು ಹೊತ್ತು ಬರೆದ್ಯಲ್ಲ, ಹಂಗೇ. ಒಂದೊಂದೇ ಚೌಕ. ಇವರು ಹೇಳ್ತಾರೆ. ಮಾತಲ್ಲಿ ಮೂವತ್ತು ವರ್ಷ ನಂಬಿಸಿದಾರೆ, ಚಿತ್ರದಲ್ಲಿ ಹೇಳಲಿ ನೋಡೋಣ."

"ಅಮ್ಮಾ, ಈಗ ಬೇಡ—"

"ಬರಿ ಅಂದೆ."

ಪೆನ್ಸಿಲ್ ತಗೊಂಡೆ. ನಾನು ಕೇಳಿದ್ದು ದಿನಾ ಕೇಳೋ ಪ್ರಶ್ನೇನೇ, ಯಾಕಂದ್ರೆ ಚೌಕಕ್ಕೆ ಅದು ಬೇಕು. ಈ ಕೆಲಸದಲ್ಲಿ "ಹಂಗೆ ಏನೋ ಆಯ್ತು" ಅನ್ನೋದು ನಡೆಯಲ್ಲ. ಕೈ ಎಲ್ಲಿತ್ತು, ಕಣ್ಣು ಎಲ್ಲಿತ್ತು, ಎಷ್ಟು ಹೊತ್ತು. ಸುಳ್ಳು ಹೇಳೋನಿಗೂ ಏನಾದ್ರೂ ಒಂದು ಹೇಳ್ಲೇಬೇಕು, ಹೇಳಿದ್ದು ಹಿಂದಿನ ಚೌಕಕ್ಕೆ ಹೊಂದ್ಲೇಬೇಕು.

"ಒಂದನೇದು, ಹಗ್ಗ," ಅಂದೆ. "ಅಪ್ಪಾ, ಸ್ಟಾಪಿಗೆ ಮುಂಚೆ ಎಷ್ಟು ಸಲ?"

"ಒಂದು," ಅಂದ್ರು ಅಪ್ಪ, ನೆಲ ನೋಡ್ತಾ.

ಒಂದು ಬಾಣ ಹಾಕಿದೆ. ಎರಡು ಸೆಕೆಂಡು.

"ಎರಡನೇದು, ಬಸ್ಸು ನಿಂತಿತು. ಮೂರನೇದು, ನಿಮ್ಮ ಮುಖ. ಕಣ್ಣು ಎಲ್ಲಿ?"

ಅಪ್ಪ ತೊಡೆ ಮೇಲಿನ ತಟ್ಟೆಯ ಅಂಚು ಹಿಡ್ಕೊಂಡ್ರು. ಅಮ್ಮ ಎವೆ ಇಕ್ಕಲಿಲ್ಲ.

"ಕನ್ನಡಿ ಮೇಲೆ."

"ನಾಲ್ಕು. ಕನ್ನಡಿಯಲ್ಲಿ ಏನಿತ್ತು?"

"ಆ ಮನುಷ್ಯನ ಬೆನ್ನು. ಒಂದು ಕಾಲು ನೆಲದ ಮೇಲೆ. ಇನ್ನೊಂದು ಮೆಟ್ಟಿಲ ಮೇಲೆ."

ಬರೆದೆ. ಬೆನ್ನು, ಕಾಲು, ಚಕ್ರದ ತಲೆ. ಎಡ ಬಲ ಬದಲಿಸಿ ಬರೆದೆ. ಇಂಥಾ ಹೊತ್ತಲ್ಲೂ ಕೈ ತನ್ನ ಕೆಲಸ ತಾನು ಸರಿಯಾಗಿ ಮಾಡ್ತಿತ್ತಲ್ಲ, ಅದು ನೋಡಿ ನನಗೆ ನನ್ನ ಮೇಲೇ ಅಸಹ್ಯ ಬಂತು. "ಎಷ್ಟು ಸೆಕೆಂಡು ನೋಡಿದ್ರಿ?"

"ಎರಡು. ಅಷ್ಟೇ. ಆಮೇಲೆ ಗಡಿಯಾರ ನೋಡ್ದೆ. ನಾಲ್ಕು ನಿಮಿಷ ತಡ ಆಗಿತ್ತು. ಇಷ್ಟು ಹೊತ್ತಿಗೆ ಇಳಿದಿರ್ತಾನೆ ಅನ್ಕೊಂಡೆ. ಗೇರ್ ಹಾಕ್ದೆ."

"ಮತ್ತೆ ಕನ್ನಡಿ ನೋಡಿದ್ರಾ?"

"ಇಲ್ಲ."

"ಗಂಟೆ? ಎರಡು ಗಂಟೆ?"

ಅಪ್ಪ ತಲೆ ಅಲ್ಲಾಡಿಸಿದ್ರು. "ಬರಲೇ ಇಲ್ಲ," ಅಂದ್ರು. ಆಮೇಲೆ ಯಾರೂ ಕೇಳದೇನೇ ಹೇಳಿದ್ರು: "ಡ್ರೈವರ್ ತಪ್ಪು ಅಂತ ಆದ್ರೆ ಜೈಲು. ಕಂಡಕ್ಟರ್ ತಪ್ಪು ಅಂತ ಆದ್ರೆ ಬರೀ ಕೆಲಸ ಹೋಗುತ್ತೆ. ನನಗೆ ನೀನಿದ್ದೆ, ಮಗು ಇತ್ತು. ಅವನು ಒಂಟಿ. ಇನ್ನೊಂದು ಕೆಲಸ ಹುಡುಕ್ಕೋತಾನೆ ಅನ್ಕೊಂಡೆ. ನೀನು ಅವನನ್ನ ಬಾಗಿಲಿಂದ ಅಟ್ಟುತೀಯ ಅಂತ ನನಗೆ ಗೊತ್ತಿರಲಿಲ್ಲ."

"ಓಹೋ, ಈಗ ನನ್ನ ತಲೆಗೇ ಕಟ್ಟಿದ್ರಾ!" ಅಂತ ಅಮ್ಮ ಎದ್ದು ನಿಂತಳು. ನಿಂತವಳು ಮತ್ತೆ ಕೂತಳು. "ಅಟ್ಟಿದೆ. ಹೌದು. ನಾನೇ ಅಟ್ಟಿದೆ. ಹೆತ್ತಮ್ಮ ಸತ್ತ ಮೇಲೆ ಎತ್ತಿ ಆಡಿಸಿದ ತಮ್ಮನ್ನ ನನ್ನ ಕೈಯಾರೆ ಅಟ್ಟಿದೆ. ಯಾರ ಮಾತು ನಂಬಿ? ಹೇಳ್ರೀ, ಯಾರ ಮಾತು ನಂಬಿ?"

ಅಪ್ಪ ತಟ್ಟೆ ಕೆಳಗಿಟ್ರು.

ಎಂಟು ಚೌಕ ಆಯ್ತು. ಕೆಳಗಿನ ಸೆಕೆಂಡು ಕೂಡಿಸಿದೆ, ಅಭ್ಯಾಸಬಲ. ಹದಿನೈದು. ಎರಡು ನಿಮಿಷದ ಚಿತ್ರದಲ್ಲಿ ಒಂದು ಕೊಡೆ ಮರೆಯೋಕೆ ಇದಕ್ಕಿಂತ ಜಾಸ್ತಿ ಹೊತ್ತು ಕೊಟ್ಟಿದ್ದೆ. ಅಮ್ಮ ಹಾಳೆಗಳನ್ನ ನನ್ನ ಕೈಯಿಂದ ತಗೊಂಡು, ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟಳು. ನಾನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಬೀದಿ ತುದಿಯಲ್ಲಿ ತಿರುಗಿ ನೋಡಿದ್ರೆ ಅಪ್ಪನೂ ಬರ್ತಿದ್ರು, ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡು. ಬರಬೇಡಿ ಅಂತ ಅಮ್ಮ ಹೇಳಲಿಲ್ಲ, ಬನ್ನಿ ಅಂತಲೂ ಹೇಳಲಿಲ್ಲ.

ಬಸ್ಸಲ್ಲಿ ಅಮ್ಮ ಕಿಟಕಿ ಪಕ್ಕ ಕೂತಳು. ಅಪ್ಪ ಹಿಂದಿನ ಬಾಗಿಲ ಹತ್ರ ಕಂಬಿ ಹಿಡಿದು ನಿಂತೇ ಇದ್ರು, ಸೀಟು ಖಾಲಿ ಇದ್ರೂ. ನನ್ನ ಜೇಬಲ್ಲಿ ಫೋನು ಬಡ್ಕೋತಿತ್ತು. ಡೈರೆಕ್ಟರು, ಮತ್ಯಾರು? ಅವರದ್ದು ಮೂಕಿ ಚಿತ್ರ ತಾನೇ ಅಂತ ಫೋನನ್ನೂ ಮೂಕ ಮಾಡಿಬಿಟ್ಟೆ. ಮೂರನೇ ಸ್ಟಾಪು ಬರೋ ಮುಂಚೆ ಅಂಗಡಿ ಕಂಡಿತು. ಈ ಸಲ ಅಮ್ಮ ಮುಖ ತಿರುಗಿಸಲಿಲ್ಲ.

ಮಾವ ಬಾಗಿಲಿಗೆ ಬೆನ್ನು ಹಾಕಿ ಕೂತು, ಸೈಕಲ್ ಟ್ಯೂಬನ್ನ ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತೆ ಅಂತ ನೋಡ್ತಿದ್ರು. ತಲೆ ಪೂರ್ತಿ ಬೋಳಾಗಿದೆ. ಬೀರುವಿನ ಫೋಟೋದಲ್ಲಿ ಗುಂಗುರು ಕೂದಲು. ಅಮ್ಮ ಅಂಗಡಿಯ ಎರಡು ಮೆಟ್ಟಿಲು ಹತ್ತಿ ಹೋಗಿ, ಏನೂ ಹೇಳದೆ, ಹಾಳೆಗಳನ್ನ ಅವರ ಮುಂದೆ ಹಿಡಿದಳು. ಮಾವ ತಲೆ ಎತ್ತಿ ಅಕ್ಕನನ್ನ ನೋಡಿದ್ರು. ಟ್ಯೂಬು ಕೈ ಜಾರಿ ನೀರಿಗೆ ಬಿತ್ತು. ಕೈ ಒರೆಸ್ಕೊಂಡು ಹಾಳೆ ತಗೊಂಡ್ರು.

ಮೊದಲ ಚೌಕದಿಂದ ಬೆರಳಿಟ್ಟು ನೋಡಿದ್ರು. ಹಗ್ಗ. ಬಸ್ಸು. ಡ್ರೈವರ್ ಮುಖ. ನಾಲ್ಕನೇ ಚೌಕದ ಮೇಲೆ ಬೆರಳು ನಿಂತಿತು, ಕನ್ನಡಿ, ಕಾಲು. ಅಮ್ಮ "ಒಂದೇ ಗಂಟೆ ಕಣೋ, ಒಂದೇ" ಅಂತ ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದ್ಲು. ಮಾವ ಅಳಲಿಲ್ಲ. ಕೊನೇ ಚೌಕದ ತನಕ ನೋಡಿ, ಮತ್ತೆ ನಾಲ್ಕನೇದಕ್ಕೆ ಬಂದು, ನನ್ನ ಕಡೆ ತಿರುಗಿದ್ರು. ಮೂವತ್ತು ವರ್ಷ ಆದ ಮೇಲೆ ಆ ಮನುಷ್ಯ ನನಗೆ ಹೇಳಿದ ಮೊದಲ ಮಾತು ಇದು:

"ನಾಲ್ಕನೇದು ತಪ್ಪಿದೆ ಪುಟ್ಟಿ. ಮುದುಕನ ಬೆನ್ನು ಮಾತ್ರ ಬರ್ದಿದ್ದೀಯ. ನನ್ನ ಕೈ ಇಲ್ಲ."

"ಯಾವ ಕೈ ಮಾವ?"

"ಬಲಗೈ. ಆತ ಇಳಿಯೋಕೆ ಹೆದರ್ತಿದ್ದ. ನಾನು ಬಾಗಿಲಲ್ಲಿ ಬಗ್ಗಿ ರಟ್ಟೆ ಹಿಡ್ಕೊಂಡಿದ್ದೆ. ನಾನು ಹಿಡಿದಿದ್ದೆ. ಎರಡು ಸಲ ಎಳೆಯೋಕೆ ಹಗ್ಗದ ಹತ್ರ ನಾನೇ ಇರಲಿಲ್ಲ. ಬಸ್ಸು ಜಗ್ಗಿದ್ದಕ್ಕೆ ರಟ್ಟೆ ಕೈಯಿಂದ ಜಾರ್ತು." ತಮ್ಮ ಬಲಗೈ ಬೆರಳು ಬಿಚ್ಚಿ ಮುಚ್ಚಿ ನೋಡ್ಕೊಂಡ್ರು. "ವಿಚಾರಣೇಲಿ ಗಂಟೆ ಎಷ್ಟು ಅಂತ ಕೇಳಿದ್ರು. ಕೈ ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ."

ನಾನಾದ್ರೂ ಕೇಳಿದ್ನಾ? ಹತ್ತು ವರ್ಷದ ಬಾಯಲ್ಲಿ "ಸುಳ್ಳ" ಅಂದು ಓಡಿದೋಳು, ನಲವತ್ತರ ತನಕ ತಿರುಗಿ ನೋಡಲಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದು, ಅಲ್ಲೇ ಪಂಪಿನ ಡಬ್ಬದ ಮೇಲೆ ಹಾಳೆ ಇಟ್ಟು, ನಾಲ್ಕನೇ ಚೌಕದಲ್ಲಿ ಮುದುಕನ ರಟ್ಟೆ ಹಿಡಿದ ಒಂದು ಕೈ ಬರೆದೆ. ಕಣ್ಣೀರು ಬಿದ್ದು ಗೆರೆ ಮಸುಕಾಯ್ತು. ಮತ್ತೆ ಬರೆದೆ.

"ಕನ್ನಡಿಯಲ್ಲಿ ಆ ಕೈನೂ ಕಾಣ್ತಿತ್ತು."

ಹೇಳಿದ್ದು ಅಪ್ಪ. ಒಳಗೆ ಬಂದಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ರು. "ಎಲ್ಲ ಕಾಣ್ತಿತ್ತು," ಅಂದ್ರು. "ನೀನು ಹಿಡಿದಿದ್ದು ನೋಡಿದ್ದೆ. ಹಿಡಿದಿದ್ದಾನಲ್ಲ, ಇಳಿಸ್ತಾನೆ ಅಂತಲೇ ಗೇರ್ ಹಾಕಿದ್ದು."

ಅಮ್ಮನ ಅಳು ಫಕ್ಕನೆ ನಿಂತಿತು. ಬೀದಿಯಲ್ಲಿ ಒಂದು ಬಸ್ಸು ಹೋಯ್ತು, ಅಂಗಡಿಯಲ್ಲಿ ನೇತು ಹಾಕಿದ್ದ ಚಕ್ರಗಳೆಲ್ಲ ಸಣ್ಣಗೆ ಅಲ್ಲಾಡಿದವು. ಮಾವ ಅಪ್ಪನ ಮುಖ ನೋಡಲಿಲ್ಲ. ಮೆಟ್ಟಿಲ ಮೇಲಿದ್ದ ಕಾಲನ್ನೇ ನೋಡ್ತಿದ್ರು. ಎಷ್ಟು ಹೊತ್ತು ನೋಡಿದ್ರೋ, ನಾನು ಮೊದಲ ಸಲ ಸೆಕೆಂಡು ಎಣಿಸಲಿಲ್ಲ. ಆಮೇಲೆ ಬಗ್ಗಿ, ಬಾನಿಯಿಂದ ಟ್ಯೂಬು ಎತ್ತಿಕೊಂಡು, ಹಳೇ ಕಂಡಕ್ಟರನ ಗಂಟಲಲ್ಲಿ ಹೇಳಿದ್ರು:

"ಒಳಗೆ ಬರೋದಾದ್ರೆ ಬನ್ನಿ ಭಾವ, ಇಲ್ಲ ಕೆಳಗಿಳೀರಿ. ಮೆಟ್ಟಿಲ ಮೇಲೆ ನಿಲ್ಲೋ ಹಾಗಿಲ್ಲ."

ಅಪ್ಪ ತಮ್ಮ ಕಾಲು ನೋಡ್ಕೊಂಡ್ರು.